ನಾಯಿ-ಬೆಕ್ಕಿನ ಕಕ್ಕದಿಂದ ಗೊಬ್ಬರ ಮಾಡಲು ಹೋಗಿ ಗುಂಡಿ ತೋಡಿದ ಕಥೆ: ಎರಡೂ ಮುಕ್ಕಾಲು ವರ್ಷದ ಲೆಕ್ಕ

ನಮ್ಮದು ಮೈಸೂರಿನ ಹೊರವಲಯದಲ್ಲಿ 40×60 ಸೈಟಿನ ಮನೆ. ಹಿತ್ತಲಲ್ಲಿ ಒಂದು ತೆಂಗಿನ ಮರ, ಒಂದು ನುಗ್ಗೆ, ಸೊಪ್ಪಿಗೆ ಅಂತ ಒಂದು ಪಾತಿ. ಮನೆಯೊಳಗೆ ಚಿನ್ನಿ, ಗುಂಡ ಅಂತ ಎರಡು ಬೆಕ್ಕು. ಹೊರಗೆ ಕರಿಯ, ಬೀದಿಯಿಂದ ಬಂದು ನಮ್ಮಲ್ಲೇ ಉಳಿದ ನಾಯಿ, ತೂಕ 22 ಕೆ.ಜಿ. 2024ರ ಜನವರಿಯಲ್ಲಿ ಅದರ ಜೊತೆಗೊಂದು ಮರಿ ಸೇರಿತು. ಅಡುಗೆಮನೆಯ ಹಸಿ ಕಸವನ್ನು ನಾವು ಎಂಟು ವರ್ಷದಿಂದ ಮನೆಯಲ್ಲೇ ಗೊಬ್ಬರ ಮಾಡುತ್ತಿದ್ದೇವೆ. ಹಾಗಾಗಿ ಪ್ರಾಣಿಗಳ ಮಲವನ್ನೂ ಹಾಗೇ ಮಾಡಬಹುದು ಅಂದುಕೊಂಡೆ. ಅಲ್ಲಿಂದ ಶುರುವಾದ ಕೆಲಸ ಇದು. ಅಳತೆ, ದಿನಾಂಕ, ಖರ್ಚನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾ ಬಂದೆ. ಅದನ್ನೇ ಇಲ್ಲಿ ಕ್ರಮವಾಗಿ ಇಡುತ್ತಿದ್ದೇನೆ.

1. ಮೇ 2023: ಬೆಕ್ಕಿನ ಮಣ್ಣು ತೆಂಗಿನ ಬುಡಕ್ಕೆ

ಆಗ ನಾವು ಬೆಕ್ಕುಗಳ ಕಕ್ಕ-ಉಚ್ಚೆಯ ಟ್ರೇಗೆ ಹಾಕಲು ತರುತ್ತಿದ್ದದ್ದು ಅಂಗಡಿಯಲ್ಲಿ ಸಿಗುವ, ಒದ್ದೆಯಾದರೆ ಉಂಡೆ ಕಟ್ಟುವ ಬೂದು ಬಣ್ಣದ ಲಿಟರ್. ಅದು ಬೆಂಟೊನೈಟ್ ಜೇಡಿಮಣ್ಣು. 10 ಕೆ.ಜಿ. ಚೀಲಕ್ಕೆ 650 ರೂಪಾಯಿ, ಎರಡು ಬೆಕ್ಕಿಗೆ ತಿಂಗಳಿಗೆ ಒಂದೂವರೆ ಚೀಲ ಬೇಕು. ಕಕ್ಕ ತೆಗೆದು ಕಸದ ಗಾಡಿಗೆ ಕೊಟ್ಟು, ಉಚ್ಚೆಯ ಉಂಡೆಗಳನ್ನು ತೆಂಗಿನ ಬುಡಕ್ಕೆ ಸುರಿಯುತ್ತಿದ್ದೆ. ಮಣ್ಣು ತಾನೇ, ಮಣ್ಣಿಗೆ ಸೇರಲಿ ಅನ್ನುವುದು ನನ್ನ ಲೆಕ್ಕ.

ಎಂಟು ತಿಂಗಳಾದ ಮೇಲೆ, ಬುಡಕ್ಕೆ ಬಿಟ್ಟ ನೀರು ಇಂಗುವುದೇ ನಿಂತಿತು. ಗುದ್ದಲಿ ಹಾಕಿದರೆ ಮೇಲಿನ ನಾಲ್ಕು ಇಂಚು ಬೂದು ಹೆಂಟೆ. ಸುರಿದಾಗ ಹೇಗಿತ್ತೋ ಹಾಗೇ ಇದೆ. ಒಂದು ಹೆಂಟೆಯನ್ನು ಬಕೆಟ್ ನೀರಿಗೆ ಹಾಕಿ ಬೆಳಿಗ್ಗೆ ನೋಡಿದೆ: ಉಬ್ಬಿ, ಲೋಳೆಯಾಗಿ, ಮೂಗಿಗೆ ರಪ್ಪೆಂದು ಹೊಡೆಯುವ ಅಮೋನಿಯಾ ವಾಸನೆ. ಈ ಜೇಡಿಯಲ್ಲಿ ಕೊಳೆಯುವಂಥದ್ದು ಏನೂ ಇಲ್ಲ. ನೀರು ಕುಡಿದು ಉಬ್ಬುವುದೇ ಅದರ ಗುಣ, ಅದಕ್ಕೇ ಅದನ್ನು ಲಿಟರ್ ಮಾಡಿರುವುದು. ಉಬ್ಬಿದ ಮೇಲೆ ಅದು ನೀರನ್ನು ಕೆಳಕ್ಕೆ ಬಿಡುವುದಿಲ್ಲ, ಒಣಗಿದರೆ ಇಟ್ಟಿಗೆಯಂತೆ ಬಿರಿಯುತ್ತದೆ. ಬುಡದಿಂದ ಒಟ್ಟು ಹನ್ನೊಂದು ಬಾಂಡ್ಲಿ ಕೆತ್ತಿ ತೆಗೆದೆವು. ಎರಡು ಭಾನುವಾರ ಹಿಡಿಯಿತು.

ಅದೇ ಸಮಯಕ್ಕೆ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನಲ್ಲಿರುವ ನಮ್ಮ ಭಾವ ಇದೇ ಜೇಡಿಯನ್ನು ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡುತ್ತಿದ್ದರು. ಮೂರನೇ ವಾರಕ್ಕೆ ಪೈಪಿನ ತಿರುವಿನಲ್ಲಿ ಗಟ್ಟಿಯಾಗಿ ಕೂತು ಕೆಳಗಿನ ಮನೆಯ ಬಚ್ಚಲಲ್ಲಿ ನೀರು ಉಕ್ಕಿತು. ಪ್ಲಂಬರ್ ರಾಡ್ ಹಾಕಿ ಎಳೆದಾಗ ಬಂದದ್ದು ಬೂದು ಹಿಟ್ಟಿನ ಮುದ್ದೆ.

2. ಫೆಬ್ರವರಿ 2024: ನೀಲಿ ಡ್ರಮ್

ಹಳೆಯ 200 ಲೀಟರ್ ಪ್ಲಾಸ್ಟಿಕ್ ಡ್ರಮ್, 900 ರೂಪಾಯಿ. ಡ್ರಿಲ್ಲಿಗೆ 8 ಮಿ.ಮೀ. ಬಿಟ್ ಹಾಕಿ ಸುತ್ತ ಅರವತ್ತು ತೂತು, ತಳಕ್ಕೆ ಹನ್ನೆರಡು. ಕೆಳಗೆ ಮೂರು ಇಟ್ಟಿಗೆ. ಒಂದೂವರೆ ಅಡಿ ಉದ್ದದ ಕಡ್ಡಿ ಇರುವ ಗೊಬ್ಬರದ ಥರ್ಮಾಮೀಟರ್, 680 ರೂಪಾಯಿ. ಈ ಇಡೀ ಕೆಲಸದಲ್ಲಿ ತಂದ ಸಾಮಾನುಗಳಲ್ಲಿ ನನಗೆ ನಿಜ ಹೇಳಿದ್ದು ಅದೊಂದೇ.

ಡ್ರಮ್ಮಿಗೆ ನಾಯಿಯ ಮಲ ಮಾತ್ರ ಹಾಕಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಕರಿಯನದು ಒಂದು ವಾರ ತೂಗಿ ನೋಡಿದೆ, ದಿನಕ್ಕೆ ಸರಾಸರಿ 280 ಗ್ರಾಂ. ಮರಿಯದು 60 ಗ್ರಾಂ. ಒಂದು ಪಾಲು ಮಲಕ್ಕೆ ಎರಡು ಪಾಲು ತೆಂಗಿನ ನಾರಿನ ಪುಡಿ ಮತ್ತು ಒಣಗಿದ ಹೊಂಗೆ ಎಲೆ. ವಾರಕ್ಕೊಮ್ಮೆ ಕೆದಕುವುದು.

ಹೊರಗೆ 29 ಡಿಗ್ರಿ ಇದ್ದ ದಿನ ಡ್ರಮ್ಮಿನ ನಡುವೆ 33. ನಾಲ್ಕನೇ ವಾರ 36. ಆಮೇಲೆ ಬೆಲ್ಲದ ನೀರು ಹಾಕಿದೆ, ಹುಳಿ ಮಜ್ಜಿಗೆ ಹಾಕಿದೆ, ಸಗಣಿ ಗಂಜಳ ಕಲಸಿ ಹಾಕಿದೆ. ಬೆಲ್ಲದ ನೀರಿಗೆ ಒಂದೇ ದಿನ 41ಕ್ಕೆ ಏರಿ ಮರುದಿನ ಇಳಿಯಿತು, ಇರುವೆ ಮಾತ್ರ ಉಳಿಯಿತು. ಹಸಿ ಹುಲ್ಲು ಒಂದು ಚೀಲ ತುಂಬಿ, ಡ್ರಮ್ಮಿಗೆ ಗೋಣಿಚೀಲ ಸುತ್ತಿ, ಅದರ ಮೇಲೆ ಥರ್ಮೋಕೋಲ್ ಕಟ್ಟಿದಾಗ 47 ಬಂತು. ಏಪ್ರಿಲ್ 9ರ ಸಂಜೆ ಅದು, ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದೇನೆ. ಆರು ಗಂಟೆ ನಿಂತು ಇಳಿಯಿತು. ಅದಕ್ಕಿಂತ ಮೇಲಕ್ಕೆ ಆ ಡ್ರಮ್ ಯಾವತ್ತೂ ಹೋಗಲಿಲ್ಲ.

ನನಗೆ ಬೇಕಿದ್ದದ್ದು 55. ಚರಂಡಿಯ ಕೆಸರನ್ನು ಗೊಬ್ಬರ ಮಾಡುವವರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹಾಕಿರುವ ಗೆರೆ ಅದು: ಮುಚ್ಚಿದ ಪಾತ್ರೆಯಲ್ಲಾದರೆ 55 ಡಿಗ್ರಿಗೆ ಕಡಿಮೆಯಿಲ್ಲದಂತೆ ಮೂರು ದಿನ. ಬಯಲಲ್ಲಿ ಸಾಲು ರಾಶಿ ಹಾಕಿದರೆ ಹದಿನೈದು ದಿನ, ಅಷ್ಟರಲ್ಲಿ ಐದು ಸಲ ತಿರುವಿ ಹಾಕಬೇಕು. ಮನುಷ್ಯರ ಮಲದಲ್ಲಿರುವ ಜಂತುಮೊಟ್ಟೆಗೆ ಯಾವ ಕಾವು ಬೇಕೋ ನಾಯಿಯದಕ್ಕೂ ಅದೇ ಬೇಕು ಅಂತ ಆ ಅಳತೆಯನ್ನೇ ಇಟ್ಟುಕೊಂಡೆ.

ಡ್ರಮ್ ಯಾಕೆ ಕಾಯಲಿಲ್ಲ ಅನ್ನುವುದು ನಮ್ಮ ಅಮ್ಮನ ಒಲೆ ನೆನಪಾದಾಗ ತಿಳಿಯಿತು. ರಾತ್ರಿ ಕೆಂಡಗಳನ್ನು ಒಟ್ಟುಮಾಡಿ ಬೂದಿ ಮುಚ್ಚಿದರೆ ಬೆಳಿಗ್ಗೆವರೆಗೂ ಕಾವಿರುತ್ತದೆ. ಅದರಲ್ಲೇ ಒಂದು ಕೆಂಡ ಹೊರಗೆ ಇಟ್ಟರೆ ಐದು ನಿಮಿಷಕ್ಕೆ ಕಪ್ಪಾಗುತ್ತದೆ. ಗೊಬ್ಬರದ ರಾಶಿಯೂ ಹಾಗೇ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ, ಅಂದರೆ ಸುಮಾರು 760 ಲೀಟರ್ ಒಟ್ಟಿಗೇ ಸೇರಿದರೆ ಒಳಗೆ ಹುಟ್ಟುವ ಕಾವು ಹೊರಗೆ ಹೋಗುವುದಕ್ಕಿಂತ ಹೆಚ್ಚಿರುತ್ತದೆ. ನನ್ನ ಡ್ರಮ್ ಅದರ ನಾಲ್ಕನೇ ಒಂದು ಭಾಗ, ಅದೂ ಒಂದೇ ದಿನ ತುಂಬಿದ್ದಲ್ಲ, ದಿನಕ್ಕೆ ಒಂದು ಬೊಗಸೆಯಂತೆ. ಒಂದೆರಡು ನಾಯಿ ಇರುವ ಮನೆಯಲ್ಲಿ ಅಷ್ಟು ಮಲ ಒಟ್ಟಿಗೇ ಇರುವುದೇ ಇಲ್ಲ. ಇನ್ನೊಂದು ತೊಂದರೆಯನ್ನು ನಾನು ಯೋಚಿಸಿಯೇ ಇರಲಿಲ್ಲ. ದಿನಾ ಮೇಲೆ ಹೊಸದು ಬೀಳುತ್ತಿರುವಾಗ, ಕೆಳಗೆ ಕಾವು ಬಂದರೂ ಪ್ರತಿ ಸಲ ಕೆದಕಿದಾಗ ಹೊಸ ಮಲ ಹಳೆಯದಕ್ಕೆ ಬೆರೆಯುತ್ತದೆ. ಇಂಥ ಡ್ರಮ್ಮಿನ ಗೊಬ್ಬರ ಮಾಗಿತು ಅಂತ ಹೇಳುವ ದಿನವೇ ಬರುವುದಿಲ್ಲ.

ಆದರೆ ಅದು ಮಾಗಿದ ಹಾಗೆ ಕಾಣುತ್ತಿತ್ತು. ಮೇ ಕೊನೆಗೆ ಕೆಳಗಿನ ಅರ್ಧ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಮುಷ್ಟಿ ಹಿಡಿದರೆ ಉಂಡೆ ಕಟ್ಟಿ, ಬೆರಳಲ್ಲಿ ತಟ್ಟಿದರೆ ಉದುರುತ್ತಿತ್ತು. ಅಡುಗೆಮನೆಯ ಗೊಬ್ಬರಕ್ಕೆ ನಾನು ಎಂಟು ವರ್ಷ ನೋಡಿದ ಗುರುತೆಲ್ಲ ಇದರಲ್ಲೂ ಇತ್ತು. ಥರ್ಮಾಮೀಟರ್ ಏನು ಹೇಳಿತ್ತು ಅನ್ನುವುದನ್ನು ಬದಿಗಿಟ್ಟು, ಎರಡು ಮಂಕರಿ ತೆಗೆದು ಸೊಪ್ಪಿನ ಪಾತಿಗೆ ಹಾಕಿ ಕೊತ್ತಂಬರಿ, ಮೆಂತ್ಯ ಚೆಲ್ಲಿದೆ. ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದು.

3. ಜೂನ್ 29, 2024: ಗಾಜಿನ ಕೆಳಗೆ

ಮರಿಯ ಹೊಟ್ಟೆ ಉಬ್ಬಿಕೊಂಡಿತ್ತು, ವಾಂತಿಯಲ್ಲಿ ಶ್ಯಾವಿಗೆಯಂಥ ಹುಳು ಬಂತು. ಪಶುವೈದ್ಯರ ಹತ್ತಿರ ಹೋದೆ. ದುಂಡು ಹುಳು, ಟಾಕ್ಸೊಕಾರ ಅಂದರು. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ಬಂದಿರುತ್ತದೆ, ಅದಕ್ಕೇ ಎರಡು ವಾರದ ಮರಿಯಿಂದಲೇ ಔಷಧಿ ಕೊಡುತ್ತಾ ಬರಬೇಕು ಅಂತ ಹೇಳಿದರು. ನಾವು ಕೊಟ್ಟಿರಲಿಲ್ಲ. ಮರಿ ಬಂದಾಗ ಅದರ ವಯಸ್ಸೇ ಗೊತ್ತಿರಲಿಲ್ಲ, ಆಮೇಲೆ ಕೊಡೋಣ ಅಂತ ಮುಂದೂಡಿದ್ದೆವು.

ಮಾತಿನ ನಡುವೆ ಡ್ರಮ್ಮಿನ ವಿಷಯ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ನಾಳೆ ಒಂದು ಡಬ್ಬೀಲಿ ತನ್ನಿ ಸಾರ್, ನೋಡೇ ಬಿಡೋಣ" ಅಂದರು.

ಡ್ರಮ್ಮಿನ ಕೆಳಗಿನ ಭಾಗದಿಂದ, ಅಂದರೆ ನಾಲ್ಕು ತಿಂಗಳು ಹಳೆಯದಾದ ಕಪ್ಪು ಪುಡಿಯಿಂದ, ಒಂದು ಡಬ್ಬಿ ತೆಗೆದುಕೊಂಡು ಹೋದೆ. ಅವರು ಬಿಸಿ ನೀರಿಗೆ ಇನ್ನು ಕರಗುವುದಿಲ್ಲ ಅನ್ನುವವರೆಗೆ ಅಡುಗೆ ಉಪ್ಪು ಹಾಕಿ ಆರಿಸಿಟ್ಟಿದ್ದರು. ಒಂದು ಚಮಚ ಪುಡಿಯನ್ನು ಅದರಲ್ಲಿ ಕದಡಿ, ಟೀ ಜರಡಿಯಲ್ಲಿ ಸೋಸಿ, ಚಿಕ್ಕ ಬಾಟಲಿಗೆ ಬಾಯಿ ತುಂಬ ಹೊಯ್ದು, ಮೇಲೆ ತೆಳು ಗಾಜು ಇಟ್ಟರು. ಮೊಟ್ಟೆ ಇದ್ದರೆ ಗಟ್ಟಿ ಉಪ್ಪುನೀರಿನಲ್ಲಿ ತೇಲಿ ಗಾಜಿಗೆ ಅಂಟುತ್ತದೆ. ಹದಿನೈದು ನಿಮಿಷ ಕಾದೆವು.

ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಕಂದು ಬಣ್ಣದ ದುಂಡನೆಯ ಮೊಟ್ಟೆ. ದಪ್ಪ ಚಿಪ್ಪು, ಅದರ ಮೇಲೆಲ್ಲ ಸಿಡುಬಿನ ಕಲೆಯಂಥ ಸಣ್ಣ ಗುಳಿ. ಅವರು ತಿರುಪು ಸ್ವಲ್ಪ ತಿರುಗಿಸಿದರು, ಚಿಪ್ಪಿನ ಒಳಗೆ ಸುರುಳಿ ಸುತ್ತಿಕೊಂಡ ಮರಿಹುಳು ಕಾಣಿಸಿತು. ಅದು ಮೆಲ್ಲಗೆ ಮಗ್ಗಲು ಬದಲಿಸಿತು. ನಾಲ್ಕು ತಿಂಗಳು ಡ್ರಮ್ಮಿನಲ್ಲಿ ಬೆಂದಿದೆ ಅಂತ ನಾನು ನಂಬಿದ್ದ ಗೊಬ್ಬರದೊಳಗೆ ಅದು ಜೀವಂತವಾಗಿತ್ತು. ಆ ಒಂದೇ ಗಾಜಿನಲ್ಲಿ ಏಳು ಮೊಟ್ಟೆ ಎಣಿಸಿದರು.

ಹೊಸದಾಗಿ ಬಿದ್ದ ಮಲದಲ್ಲಿರುವ ಮೊಟ್ಟೆಯಿಂದ ತಕ್ಷಣ ಅಪಾಯ ಇಲ್ಲವಂತೆ. ಒಳಗೆ ಮರಿ ಬೆಳೆಯಲು ಎರಡು ಮೂರು ವಾರ ಬೇಕು. ಅದಾದ ಮೇಲೆ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಕೈಗೆ ಮೆತ್ತಿ ಬಾಯಿಗೆ ಹೋದರೆ ಮನುಷ್ಯರ ಮೈಯಲ್ಲಿ ಓಡಾಡುತ್ತದೆ, ಕಣ್ಣಿಗೂ ಹೋಗಬಹುದು. ಮಣ್ಣು ಬಾಯಿಗೆ ಹಾಕಿಕೊಳ್ಳುವ ಮಕ್ಕಳಿಗೇ ಹೆಚ್ಚು ಅಪಾಯ. ನಾನು ಅದೇ ದಿನ ಎತ್ತಿ ಹೊರಗೆ ಹಾಕಿದ್ದರೆ ಇರುತ್ತಿದ್ದ ಅಪಾಯಕ್ಕಿಂತ, ನಾಲ್ಕು ತಿಂಗಳು ನೆರಳಲ್ಲಿ ತೇವ ಕೊಟ್ಟು ಬೆಚ್ಚಗೆ ಇಟ್ಟು ದೊಡ್ಡ ಅಪಾಯ ಮಾಡಿದ್ದೆ.

ಅಷ್ಟರಲ್ಲಿ ಮೂರು ಸಲ ಆ ಪಾತಿಯ ಕೊತ್ತಂಬರಿ ಕಿತ್ತು ಬಳಸಿಯಾಗಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಕ್ಕದ ಮನೆಗೂ ಒಂದು ಕಟ್ಟು ಕೊಟ್ಟಿದ್ದೆ ಕಣ್ರೀ" ಅಂದಳು. ಅವರ ಮನೆಗೂ ಹೋಗಿ ಹೇಳಿದೆ. ನಮ್ಮ ವೈದ್ಯರನ್ನು ಕಂಡೆವು, ಅವರು ಗಮನಿಸಬೇಕಾದ ಲಕ್ಷಣಗಳನ್ನು ತಿಳಿಸಿ ಧೈರ್ಯ ಹೇಳಿದರು. ಯಾರಿಗೂ ಏನೂ ಆಗಲಿಲ್ಲ. ಆ ತಿಂಗಳು ಮಾತ್ರ ಯಾರಾದರೂ ಕೆಮ್ಮಿದರೂ ನನಗೆ ಎದೆ ಧಸಕ್ಕೆನ್ನುತ್ತಿತ್ತು.

ಜುಲೈ 7ರಂದು ಪಾತಿಯ ಗಿಡವನ್ನೆಲ್ಲ ಕಿತ್ತು, ಮೇಲಿನ ಆರಿಂಚು ಮಣ್ಣು ಎತ್ತಿದೆ. ಹಿತ್ತಲ ಮೂಲೆಯಲ್ಲಿ ನಾಲ್ಕಡಿ ಆಳದ ಹೊಂಡ ತೋಡಿಸಿ, ಡ್ರಮ್ಮಿನದು, ಪಾತಿಯದು ಎರಡನ್ನೂ ಅದರೊಳಗೆ ಹಾಕಿ, ಮೇಲೆ ಎರಡಡಿ ಒಳ್ಳೆ ಮಣ್ಣು ಮುಚ್ಚಿ, ಕಲ್ಲು ಚಪ್ಪಡಿ ಎಳೆಸಿದೆ. ಕೂಲಿ 900. ಡ್ರಮ್ಮನ್ನು ಕುದಿಯುವ ನೀರಿನಿಂದ ತೊಳೆದೆ. ಬ್ಲೀಚಿಂಗ್ ಪೌಡರ್ ಈ ಮೊಟ್ಟೆಗಳಿಗೆ ತಾಗುವುದಿಲ್ಲ, ಕಾವಿಗೆ ಸಾಯುತ್ತವೆ.

4. ಜುಲೈನಿಂದ ಸೆಪ್ಟೆಂಬರ್ 2024: ಬೆಕ್ಕಿನ ಟ್ರೇ ಬದಲಾದದ್ದು

ಜೇಡಿ ಬಿಟ್ಟು ಮರದ ಹೊಟ್ಟಿಗೆ ಬಂದೆವು. ಮೊದಲು ತಂದದ್ದು ಹತ್ತಿರದ ಪ್ಲೈವುಡ್ ಕೆಲಸದ ಅಂಗಡಿಯ ಪುಡಿ, ಬಿಟ್ಟಿ ಸಿಕ್ಕಿತು. ತೀರಾ ನಯ, ಗುಂಡನಿಗೆ ಸೀನು ಶುರುವಾಯಿತು. ಪ್ಲೈವುಡ್‌ನಲ್ಲಿ ಗೋಂದು ಇರುತ್ತದೆ ಅನ್ನುವುದೂ ಆಮೇಲೆ ಹೊಳೆಯಿತು. ಚೆಲ್ಲಿದೆ. ಆಮೇಲೆ ಸಾಮಿಲ್ಲಿನಿಂದ ಬರೀ ಮರದ ದಪ್ಪ ಹೊಟ್ಟು ತಂದೆ, ಚೀಲಕ್ಕೆ 60 ರೂಪಾಯಿ. ತಿಂಗಳಿಗೆ ಎರಡು ಚೀಲ ಸಾಕು. ಹಿಂದೆ ತಿಂಗಳಿಗೆ ಸುಮಾರು 975 ಹೋಗುತ್ತಿದ್ದಲ್ಲಿ ಈಗ 120.

ಚಿನ್ನಿ ಮೊದಲ ದಿನವೇ ಒಪ್ಪಿಕೊಂಡಳು. ಗುಂಡ ಟ್ರೇ ಮೂಸಿ, ನಡೆದು ಹೋಗಿ ಬಾಗಿಲ ಮ್ಯಾಟಿನ ಮೇಲೆ ಮಾಡಿದ. ಒಂದೇ ಸಲಕ್ಕೆ ಬದಲಿಸಬಾರದಿತ್ತು. ಮತ್ತೆ ಜೇಡಿ ತಂದು, ವಾರಕ್ಕೆ ಕಾಲು ಪಾಲಿನಂತೆ ಹೊಟ್ಟು ಹೆಚ್ಚಿಸುತ್ತಾ ಐದು ವಾರ ತೆಗೆದುಕೊಂಡೆವು.

ಹೊಟ್ಟು ಕೊಳೆಯುತ್ತದೆ ನಿಜ. ಹಾಗಂತ ಬೆಕ್ಕಿನ ಕಕ್ಕವನ್ನೂ ಗೊಬ್ಬರಕ್ಕೆ ಹಾಕಬಹುದು ಅಂತಲ್ಲ. ಬೆಕ್ಕಿನಲ್ಲಿ ಟಾಕ್ಸೊಪ್ಲಾಸ್ಮ ಅನ್ನುವ ಬೇರೆಯೇ ಜೀವಿ ಇರಬಹುದು. ಬೆಕ್ಕಿಗೆ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಅದರ ಬೀಜ ಬರುತ್ತದೆ, ಆದರೆ ಆಗ ಲಕ್ಷಗಟ್ಟಲೆ ಬರುತ್ತದೆ. ಯಾವ ವಾರ ಅಂತ ಹೊರಗಿನಿಂದ ತಿಳಿಯುವುದಿಲ್ಲ, ಬೆಕ್ಕು ಆರೋಗ್ಯವಾಗೇ ಇರುತ್ತದೆ. ತೇವದ ಮಣ್ಣಿನಲ್ಲಿ ಆ ಬೀಜ ಒಂದು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಅನುಕೂಲ ಅಂದರೆ ಅದು ಸೋಂಕು ತರುವ ಸ್ಥಿತಿಗೆ ಬರಲು ಮಲ ಬಿದ್ದಮೇಲೆ ಒಂದರಿಂದ ಐದು ದಿನ ಬೇಕು. ಹಾಗಾಗಿ ದಿನಾ ಬೆಳಿಗ್ಗೆ ಟ್ರೇ ತೆಗೆದರೆ ಹೆಚ್ಚಿನ ಅಪಾಯ ಅಲ್ಲೇ ಮುಗಿಯುತ್ತದೆ. ಎರಡು ದಿನಕ್ಕೊಮ್ಮೆ ತೆಗೆಯುವ ನಮ್ಮ ಹಳೆಯ ಅಭ್ಯಾಸ ಅವತ್ತೇ ನಿಂತಿತು. ವಾರಕ್ಕೊಮ್ಮೆ ಟ್ರೇಗೆ ಕುದಿಯುವ ನೀರು.

ತೆಗೆದ ಕಕ್ಕವನ್ನು ಮೊದಲು ಹಸಿ ಕಸದ ಬಕೆಟ್ಟಿಗೆ ಹಾಕಿ ಗಾಡಿಗೆ ಕೊಡುತ್ತಿದ್ದೆವು. ಒಂದು ದಿನ ಗಾಡಿಯ ಪೌರಕಾರ್ಮಿಕ ಅಮ್ಮ ನಿಲ್ಲಿಸಿ ಹೇಳಿದರು: "ಸಾರ್, ಇದನ್ನ ಹಸಿ ಕಸಕ್ಕೆ ಹಾಕ್ಬೇಡಿ. ಅಲ್ಲಿ ನಾವು ಕೈಯಲ್ಲಿ ಆರಿಸ್ತೀವಿ." ಹಸಿ ಕಸ ಹೋಗುವುದೂ ಗೊಬ್ಬರಕ್ಕೇ. ನನ್ನ ಹಿತ್ತಲಲ್ಲಿ ಬೇಡ ಅಂದದ್ದನ್ನು ಅವರ ಕೈಗೆ ಕೊಡುತ್ತಿದ್ದೆ. ಅವತ್ತಿನಿಂದ ಎರಡು ಹಾಳೆ ಹಳೆ ಪೇಪರಿನಲ್ಲಿ ಗಟ್ಟಿಯಾಗಿ ಸುತ್ತಿ, ದಾರ ಕಟ್ಟಿ, ಪ್ಯಾಡ್, ಡೈಪರಿನ ಪೊಟ್ಟಣಕ್ಕೆ ಹಾಕುವಂತೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಅಡ್ಡ ಗೆರೆ ಎಳೆದು ಬೇರೆಯಾಗಿ ಕೊಡುತ್ತೇವೆ. ಭಾವನ ಅಪಾರ್ಟ್‌ಮೆಂಟಿನಲ್ಲೂ ಈಗ ಇದೇ ಕ್ರಮ. ಬೆಕ್ಕಿನ ಕಕ್ಕಕ್ಕೆ ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ ಅನ್ನುವುದು ನನ್ನ ತೀರ್ಮಾನ.

5. ಸೆಪ್ಟೆಂಬರ್ 2024: ಒಂದೇ ಒಂದು ಸಲ 63 ಡಿಗ್ರಿ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಹಿಮಗಾಡಿ ಎಳೆಯುವ ನಾಯಿಗಳನ್ನು ಸಾಕುವವರು ನಾಯಿಮಲವನ್ನು ಮರದ ಹೊಟ್ಟಿನೊಂದಿಗೆ ಕಾಯಿಸಿ ಗೊಬ್ಬರ ಮಾಡಿದ್ದಾರೆ, ಅಲ್ಲಿನ ಸರ್ಕಾರಿ ಸಂಸ್ಥೆಗಳು 2005ರಲ್ಲಿ ಅದರ ಕ್ರಮ ಬರೆದಿಟ್ಟಿವೆ ಅಂತ ಓದಿದ ಮೇಲೆ ಇನ್ನೊಮ್ಮೆ ಆಸೆ ಹುಟ್ಟಿತು. ಅಲ್ಲಿ ಒಬ್ಬೊಬ್ಬರ ಬಳಿ ನಾಯಿಗಳ ಹಿಂಡೇ ಇರುತ್ತದೆ, ರಾಶಿ ತಾನೇ ಆಗುತ್ತದೆ. ಅಷ್ಟು ಕಾಯಿಸಿದ ಮೇಲೂ ತಿನ್ನುವ ಬೆಳೆಗೆ ಹಾಕಬೇಡಿ ಅಂತಲೇ ಅವರು ಹೇಳುತ್ತಾರೆ.

ರಾಶಿಗೆ ಬೇಕಾದಷ್ಟು ಮಲ ಕೂಡಿಸಲು ಆರು ವಾರ ಮುಚ್ಚಳದ ಬಕೆಟ್ಟಿನಲ್ಲಿ ಹೊಟ್ಟಿನ ಜೊತೆ ಶೇಖರಿಸಿದೆ. ಎರಡನೇ ವಾರಕ್ಕೇ ಬಕೆಟ್ ತೆಗೆದರೆ ಹಿತ್ತಲಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೊನೆಗೆ ಸೇರಿದ್ದು 14 ಕೆ.ಜಿ. ಹಸು ಸಾಕಿರುವ ಪಕ್ಕದ ಬೀದಿಯವರಿಂದ ಎಂಟು ಮಂಕರಿ ಸಗಣಿ, ಹನ್ನೆರಡು ಚೀಲ ಒಣ ಎಲೆ, ನಾಲ್ಕು ಚೀಲ ಹಸಿ ಹುಲ್ಲು. ನಾಲ್ಕು ಗೂಟಕ್ಕೆ ಕೋಳಿ ಜಾಲರಿ ಕಟ್ಟಿ, ಮೂರಡಿ ಚೌಕದಲ್ಲಿ ಮೂರೂವರೆ ಅಡಿ ಎತ್ತರಕ್ಕೆ ಒಂದೇ ದಿನ ಪದರ ಪದರವಾಗಿ ತುಂಬಿದೆ. ಮಲವನ್ನೆಲ್ಲ ನಡುವಿಗೆ ಇಟ್ಟೆ. ಮಳೆಗೆ ಟಾರ್ಪಾಲ್.

ಮೂರನೇ ದಿನ ನಡುವೆ 58. ಐದನೇ ದಿನ 63. ಆ ಬೆಳಿಗ್ಗೆ ಟಾರ್ಪಾಲ್ ಎತ್ತಿದಾಗ ಹಬೆ ಬಂತು. ಅದೇ ಹೊತ್ತಿಗೆ ಅಂಚಿನಿಂದ ನಾಲ್ಕಿಂಚು ಒಳಗೆ ಕಡ್ಡಿ ಚುಚ್ಚಿದರೆ 39. ನಡುವಿನ ಅಂಕಿ ನೋಡಿ ಖುಷಿಪಡುವ ಹಾಗಿಲ್ಲ ಅನ್ನುವುದು ಆಗ ತಿಳಿಯಿತು. ಅಂಚಿನದು ಒಳಕ್ಕೆ, ಒಳಗಿನದು ಹೊರಕ್ಕೆ ಬರುವಂತೆ ತಿರುವಲೇಬೇಕು. ಮೂರು ದಿನಕ್ಕೊಮ್ಮೆ ಐದು ಸಲ ತಿರುವಿದೆವು, ನಾನೂ ಒಬ್ಬ ಆಳೂ. ಗಂಬೂಟು, ಕೈಗವಸು, ಮುಖಕ್ಕೆ ಮಾಸ್ಕ್, ಇದಕ್ಕೇ ಅಂತ ಬೇರೆ ಸನಿಕೆ. ಪ್ರತಿ ಸಲ ಒಂದೂವರೆ ಗಂಟೆ. ಹದಿನಾರು ದಿನ ನಡುವಿನ ಕಾವು 55ಕ್ಕಿಂತ ಇಳಿಯಲಿಲ್ಲ.

ಮೂರು ತಿಂಗಳು ಹಣ್ಣಾಗಲು ಬಿಟ್ಟು ಪಶುವೈದ್ಯರಿಗೆ ಮತ್ತೆ ಡಬ್ಬಿ ಕೊಟ್ಟೆ. ಮೂರು ಗಾಜಿನಲ್ಲೂ ಮೊಟ್ಟೆ ಕಾಣಲಿಲ್ಲ. "ಮೂರು ಚಮಚದಲ್ಲಿ ಇಲ್ಲ ಅಂತ ಹೇಳ್ಬಹುದು, ರಾಶಿಯಲ್ಲೇ ಇಲ್ಲ ಅಂತ ಹೇಳಕ್ಕಾಗಲ್ಲ" ಅಂದರು. ದಾಸವಾಳಕ್ಕೆ, ನಂದಿಬಟ್ಟಲಿಗೆ ಹಾಕಿ ಮೇಲೆ ಮಣ್ಣು ಮುಚ್ಚಿದೆ.

ಕೂಲಿ, ಜಾಲರಿ, ಟಾರ್ಪಾಲ್ ಸೇರಿ 3,150 ರೂಪಾಯಿ, ಸುಮಾರು ಮೂವತ್ತು ಗಂಟೆ ಕೆಲಸ. ಕಳೆದದ್ದು 14 ಕೆ.ಜಿ. ನಾಯಿಮಲ. ಕಾವು ಹುಟ್ಟಿಸಿದ್ದು ಸಗಣಿ ಮತ್ತು ಹುಲ್ಲು, ನಾಯಿಯದು ಅದರ ಮರೆಯಲ್ಲಿ ಬೆಂದಿತು. ರಾಶಿ ಮುಗಿಯುವಷ್ಟರಲ್ಲಿ ಇನ್ನೊಂದು ಬಕೆಟ್ ತುಂಬಿತ್ತು. ದನ ಕಟ್ಟಿದವರು, ತಿಪ್ಪೆ ಇರುವವರು ಮಾಡಬಹುದು. ನನ್ನಂಥ ಸೈಟಿನ ಮನೆಯಲ್ಲಿ ಇದು ವರ್ಷಪೂರ್ತಿ ನಡೆಯುವ ಕೆಲಸವಲ್ಲ.

6. ಡಿಸೆಂಬರ್ 2024: ರಿಂಗ್ ಗುಂಡಿ

ಗೊಬ್ಬರ ಬೇಕು ಅನ್ನುವ ಆಸೆ ಬಿಟ್ಟ ಮೇಲೆ ಕೆಲಸ ಸುಲಭವಾಯಿತು. ಇದು ಹೂಳುವ ಗುಂಡಿ, ಇದರಿಂದ ಏನನ್ನೂ ಹೊರಗೆ ತೆಗೆಯುವುದಿಲ್ಲ.

ಜಾಗ ಆರಿಸುವಾಗ ನೋಡಿದ್ದು ನೀರು. ನಮ್ಮ ಬೋರ್ ಮುಂಭಾಗದ ಎಡಮೂಲೆಯಲ್ಲಿದೆ. ಗುಂಡಿ ಹಿಂಭಾಗದ ಬಲಮೂಲೆಗೆ, ನಡುವೆ 55 ಅಡಿ. ಅಕ್ಕಪಕ್ಕ ತೆರೆದ ಬಾವಿ ಇಲ್ಲ. ತೋಡುವ ಮೊದಲು ಒಂದಡಿ ಆಳದ ಕುಳಿಗೆ ನೀರು ತುಂಬಿ ಇಂಗಿಸಿ, ಮತ್ತೆ ತುಂಬಿ ನೋಡಿದೆ. ಎಂಟು ನಿಮಿಷಕ್ಕೆ ಒಂದಿಂಚು ಇಳಿಯಿತು. ನಮ್ಮದು ಕೆಮ್ಮಣ್ಣು. ಕಪ್ಪು ಎರೆ ಮಣ್ಣಾಗಿದ್ದರೆ ನೀರು ನಿಲ್ಲುತ್ತಿತ್ತು, ಈ ಗುಂಡಿ ನಡೆಯುತ್ತಿರಲಿಲ್ಲ.

ಎರಡಡಿ ಅಗಲ, ಮೂರೂವರೆ ಅಡಿ ಆಳ ತೋಡಿ, ತಳಕ್ಕೆ ಅರ್ಧ ಅಡಿ ಇಟ್ಟಿಗೆ ಚೂರು ಹಾಕಿದೆವು. ಎರಡಡಿ ವ್ಯಾಸದ ಮೂರು ಸಿಮೆಂಟ್ ರಿಂಗ್, ಒಂದಕ್ಕೆ 420. ಮೇಲಿನ ರಿಂಗ್ ನೆಲದಿಂದ ಆರಿಂಚು ಮೇಲಕ್ಕೆ ನಿಂತಿದೆ, ಮಳೆನೀರು ಒಳಗೆ ಹರಿಯದಂತೆ. ಮುಚ್ಚಳ 500, ಅದರ ಹಿಡಿಗೆ ಹಗ್ಗ ಕಟ್ಟಿ ಗೋಡೆಯ ಕೊಕ್ಕೆಗೆ ಸಿಕ್ಕಿಸಿದ್ದೇನೆ. ಕೂಲಿ 1,000. ಒಟ್ಟು 2,760.

ದಿನಾ ನಾಯಿಮಲ ಹಾಕಿ ಮೇಲೆ ಎರಡು ಹಿಡಿ ಹೊಟ್ಟು. ಹೊಸ ಹೊಟ್ಟೇ ಆಗಬೇಕಿಲ್ಲ, ಬೆಕ್ಕಿನ ಟ್ರೇಯ ಉಚ್ಚೆ ಕುಡಿದ ಹೊಟ್ಟೂ ಇಲ್ಲಿಗೇ. ಕಕ್ಕ ಆರಿಸಿ ತೆಗೆದರೂ ಅದರ ಚೂರು ಹೊಟ್ಟಿನಲ್ಲಿ ಉಳಿಯುತ್ತದೆ, ಹಾಗಾಗಿ ಅದನ್ನು ಗಿಡಕ್ಕೆ ಹಾಕುವ ಯೋಚನೆಯನ್ನೂ ಬಿಟ್ಟೆ.

ಇದರಲ್ಲೂ ಎರಡು ತಪ್ಪಾಯಿತು. 2025ರ ಮಾರ್ಚಿನಲ್ಲಿ ನೊಣ ಹೆಚ್ಚಾಯಿತು ಅಂತ ಅರ್ಧ ಬಾಟಲಿ ಫಿನಾಯಿಲ್ ಸುರಿದೆ. ನೊಣ ಹೋಯಿತು, ಗುಂಡಿ ಇಳಿಯುವುದೂ ನಿಂತಿತು. ಅಲ್ಲಿಯವರೆಗೆ ವಾರಕ್ಕೆ ಒಂದಿಂಚಿನಷ್ಟು ಕುಸಿಯುತ್ತಿದ್ದದ್ದು ಐದು ವಾರ ಅಲ್ಲಾಡಲಿಲ್ಲ, ಮೇಲೆ ಕಪ್ಪು ಗೊಜ್ಜಿನಂತೆ ನಿಂತಿತು. ಕೊಳೆಸುವ ಹುಳುಹುಪ್ಪಟೆಯನ್ನೇ ಕೊಂದಿದ್ದೆ. ಒಂದು ಬುಟ್ಟಿ ತೋಟದ ಮಣ್ಣು, ಎರಡು ಬುಟ್ಟಿ ಒಣ ಎಲೆ ಹಾಕಿದ ಮೇಲೆ ಮೇ ಹೊತ್ತಿಗೆ ಮತ್ತೆ ಶುರುವಾಯಿತು. ನೊಣಕ್ಕೆ ಮದ್ದು ಮುಚ್ಚಳದ ಸಂದಿಗೆ ಹಳೆ ಸೈಕಲ್ ಟ್ಯೂಬ್ ಅಂಟಿಸಿದ್ದು, ಹೊಟ್ಟನ್ನು ಎರಡು ಹಿಡಿಯಿಂದ ಮೂರಕ್ಕೆ ಏರಿಸಿದ್ದು. ಇನ್ನೊಂದು ತಪ್ಪು ಚೀಲದ್ದು. ವಾಕಿಂಗಿನಲ್ಲಿ ಎತ್ತಿಕೊಳ್ಳಲು ತಂದ, ಮಣ್ಣಲ್ಲಿ ಕರಗುತ್ತದೆ ಅಂತ ಬರೆದ ಹಸಿರು ಚೀಲಗಳನ್ನು ಗಂಟು ಸಮೇತ ಹಾಕುತ್ತಿದ್ದೆ. ಒಂಬತ್ತು ತಿಂಗಳಾದ ಮೇಲೆ ಕೋಲಿನಲ್ಲಿ ಎತ್ತಿ ನೋಡಿದರೆ ಗಂಟೂ ಬಿಚ್ಚಿಲ್ಲ, ಒಳಗಿನದೂ ಹಾಗೇ ಇದೆ. ಈಗ ಪೇಪರಿನಲ್ಲೇ ಎತ್ತುತ್ತೇನೆ.

ಶಿರಸಿಯಲ್ಲಿರುವ ಅಕ್ಕ ನಮ್ಮ ಗುಂಡಿ ನೋಡಿ ಹೋಗಿ ತಾನೂ ಮಾಡಿಸಿದಳು. ಜುಲೈನಲ್ಲಿ ಫೋನ್ ಮಾಡಿ, "ತಮ್ಮಾ, ಗುಂಡಿ ತುಂಬ ನೀರು ಬಂದದೆ, ಎಲ್ಲ ಮೇಲೆ ತೇಲ್ತಾ ಇದೆ" ಅಂದಳು. ಅಲ್ಲಿ ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ಎಟುಕುವಷ್ಟು ಮೇಲೆ ಬರುತ್ತದೆ, ಗುಂಡಿಗೂ ಕೆಳಗಿನಿಂದಲೇ ಒರತೆ. ಕುಡಿಯುವುದು ಅದೇ ಬಾವಿ ನೀರು. ಮಣ್ಣು ತುಂಬಿ ಮುಚ್ಚು ಅಂದೆ, ಮಳೆಗಾಲ ಮುಗಿಯುವವರೆಗೆ ಬಾವಿ ನೀರನ್ನು ಕುದಿಸಿಯೇ ಕುಡಿಯಿರಿ ಅಂತಲೂ ಹೇಳಿದೆ. ನಮ್ಮಲ್ಲಿ ನಡೆದದ್ದು ಅಲ್ಲಿ ನಡೆಯುವುದಿಲ್ಲ ಅನ್ನುವುದನ್ನು ನಾನು ಮೊದಲೇ ಯೋಚಿಸಿ ಹೇಳಬೇಕಿತ್ತು. ಅವಳೀಗ ನಾಯಿಯದನ್ನು ಮನೆಯ ಟಾಯ್ಲೆಟ್ಟಿಗೇ ಹಾಕುತ್ತಾಳೆ, ಚೀಲ, ಪೇಪರು ಇಲ್ಲದೆ, ಬರೀ ಮಲ.

7. ಫೆಬ್ರವರಿ 2026: ಈಗ

ಹದಿನಾಲ್ಕು ತಿಂಗಳಲ್ಲಿ ಗುಂಡಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದೆ. ಮೇಲಿನಿಂದ ಒಂದಡಿ ಉಳಿದಾಗ ಮಣ್ಣು ತುಂಬಿ ಮುಚ್ಚಿ, ಪಕ್ಕದಲ್ಲಿ ನಾಲ್ಕಡಿ ಬಿಟ್ಟು ಇನ್ನೊಂದು ತೋಡಿಸುತ್ತೇನೆ. ರಿಂಗ್ ತಂದಿಟ್ಟಾಗಿದೆ. ನಾಯಿಗಳೆರಡಕ್ಕೂ ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ, ಕ್ಯಾಲೆಂಡರಿನಲ್ಲಿ ಗುರುತು.

ಕಳೆದ ವರ್ಷ ಫೆಬ್ರವರಿಯಲ್ಲಿ ಏಳನೇ ತಿಂಗಳಿಗೆ ಮಗಳನ್ನು ಮನೆಗೆ ಕರೆತಂದಾಗ, ಇಲ್ಲಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು "ಮನೇಲಿ ಬೆಕ್ಕಿದೆಯಾ?" ಬೆಕ್ಕನ್ನು ಬಿಡಬೇಕಾಗಿಲ್ಲ, ಟ್ರೇ ಮಾತ್ರ ಅವಳು ಮುಟ್ಟಬಾರದು, ಮಣ್ಣು ಕೆಲಸಕ್ಕೆ ಕೈಗವಸು, ಸೊಪ್ಪು ಚೆನ್ನಾಗಿ ತೊಳೆಯಬೇಕು ಅಂದರು. ಟ್ರೇ ತೆಗೆಯುವುದು ಅವತ್ತಿನಿಂದ ಪೂರ್ತಿ ನನ್ನ ಕೆಲಸ. ಮೊಮ್ಮಗಳಿಗೆ ಈಗ ಒಂಬತ್ತು ತಿಂಗಳು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಹೊತ್ತು. ಎದುರು ಮನೆ ಕಟ್ಟಲು ನಮ್ಮ ಗೇಟಿನ ಪಕ್ಕ ಮರಳು ಸುರಿದಿದ್ದಾರೆ, ಬೀದಿಯ ಬೆಕ್ಕುಗಳು ರಾತ್ರಿ ಅಲ್ಲೇ ಕೆದಕುತ್ತವೆ. ಅವರನ್ನು ಕೇಳಿ ಅದರ ಮೇಲೆ ನನ್ನ ಹಳೆಯ ಟಾರ್ಪಾಲ್ ಹೊದಿಸಿದ್ದೇನೆ.

ಸೊಪ್ಪಿನ ಪಾತಿಯಲ್ಲಿ ಕನಕಾಂಬರ ಹಾಕಿದ್ದೇವೆ. ಆರಿಂಚು ಮಣ್ಣು ತೆಗೆದದ್ದು ಸಾಕಾಯಿತೋ ಇಲ್ಲವೋ ಹೇಳಲಾರೆ, ಅದರಲ್ಲಿ ಮತ್ತೆ ಸೊಪ್ಪು ಬೆಳೆಯುವುದಿಲ್ಲ. ಕೊತ್ತಂಬರಿ ಈಗ ತಾರಸಿಯ ಕುಂಡದಲ್ಲಿದೆ, ನಾಯಿ ಬೆಕ್ಕು ಹತ್ತದಂತೆ ಮೆಟ್ಟಿಲಿಗೆ ಗೇಟು ಹಾಕಿಸಿದ್ದೇನೆ.